ಬಾಡಿಗೆ ನೋಟಿಸ್‌ಗೆ ಕನ್ನಡದಲ್ಲಿ ಬರೆದ ಉತ್ತರ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಬಾಡಿಗೆ ಕರಾರು ನೋಂದಣಿ ಮಾಡಿಸಿಕೊಡುವ ಅಂಗಡಿಯಲ್ಲಿ ನನ್ನ ಕೆಲಸ. 2025ರ ಜೂನ್‌ನಲ್ಲಿ ಹೋಟೆಲ್ ಕ್ಯಾಶಿಯರ್ ಒಬ್ಬರು ಬಂದು ಮೊಬೈಲ್ ಮುಂದೆ ಹಿಡಿದರು. ಮನೆ ಮಾಲೀಕರು ವಾಟ್ಸಾಪ್‌ನಲ್ಲಿ ಕಳಿಸಿದ ಇಂಗ್ಲಿಷ್ ನೋಟಿಸ್‌ನ ಫೋಟೊ. "ಮನೆ ಖಾಲಿ ಮಾಡ್ಬೇಕಂತಾ ಮಾರಾಯ್ರೆ?" ಎಂದರು.

ಫೋಟೊದ ಕೆಳಗಿನ ಎರಡು ಸಾಲು ಕತ್ತರಿಸಿಹೋಗಿತ್ತು. ಪೂರ್ತಿ ಫೋಟೊ ತರಿಸಿಕೊಂಡೆ. ಉತ್ತರಕ್ಕೆ ಹದಿನೈದು ದಿನದ ಗಡುವು ಇದ್ದದ್ದು ಅಲ್ಲೇ. ಜುಲೈ 1ರಿಂದ ತಿಂಗಳಿಗೆ 21,000 ರೂಪಾಯಿ ಕೊಡಿ, "ಫೇಲಿಂಗ್ ವಿಚ್" ಕರಾರು ರದ್ದು ಎಂದಿತ್ತು. ಅಂದರೆ ಕೊಡದಿದ್ದರೆ ಮಾತ್ರ ರದ್ದು. ಈಗಲೇ ಖಾಲಿ ಮಾಡಿ ಎಂದಲ್ಲ.

ಆಮೇಲೆ ಕರಾರು ತೆಗೆಸಿದೆ. 2023ರ ನವೆಂಬರ್ 1ರಿಂದ 36 ತಿಂಗಳು. ಮೊದಲ ವರ್ಷ 18,000, ಪ್ರತಿ ವರ್ಷ ಶೇಕಡಾ 5 ಏರಿಕೆ. ಹಾಗಾಗಿ ಆಗ ಅವರು ಕೊಡುತ್ತಿದ್ದ 18,900 ಸರಿಯಾಗಿಯೇ ಇತ್ತು. ನವೆಂಬರ್‌ನಿಂದ 19,845. ವರ್ಷದ ನಡುವೆ ಏರಿಸಲು ಕರಾರಿನಲ್ಲಿ ದಾರಿಯೇ ಇರಲಿಲ್ಲ.

ಅವರೇ ಬರೆದು ತಂದಿದ್ದ ಉತ್ತರದಲ್ಲಿ "ದಯವಿಟ್ಟು ಸ್ವಲ್ಪ ಕಡಿಮೆ ಮಾಡಿ" ಎಂದಿತ್ತು. ಅದನ್ನು ತೆಗೆಸಿದೆ. ಕಡಿಮೆ ಮಾಡಿ ಎಂದರೆ 21,000 ಕೇಳಿದ್ದು ಸರಿ, ನಮಗೆ ಕಷ್ಟ ಅಷ್ಟೇ ಎಂದ ಹಾಗಾಗುತ್ತದೆ, ಅಲ್ವಾ? ಹಾಗಂತ ಜಗಳದ ಮಾತೂ ಬೇಡವಾಗಿತ್ತು. ಒಂದು ತಿಂಗಳ ನೋಟಿಸ್ ಕೊಟ್ಟು ಯಾರು ಬೇಕಾದರೂ ಕರಾರು ಮುಗಿಸಬಹುದು ಎಂಬ ಷರತ್ತೂ ಅದೇ ಕರಾರಿನಲ್ಲಿತ್ತು. ಎಷ್ಟೋ ಜನ ಆ ಸಾಲನ್ನು ಓದುವುದೇ ಇಲ್ಲ.

ಮಾಲೀಕರು ಕುಂದಾಪುರದವರು, ಇಂಗ್ಲಿಷ್ ಬರೆದದ್ದು ಅವರ ವಕೀಲರು. ಅದಕ್ಕೇ ಉತ್ತರವನ್ನು ಕನ್ನಡದಲ್ಲಿ ಬರೆದೆವು:

"ಮಾನ್ಯರೇ, ನೀವು ಜೂನ್ 9ರಂದು ವಾಟ್ಸಾಪ್‌ನಲ್ಲಿ ಕಳಿಸಿದ ನೋಟಿಸ್ ಓದಿದೆ. ನಮ್ಮ ನೋಂದಾಯಿತ ಕರಾರಿನ ಪ್ರಕಾರ ಈ ಅಕ್ಟೋಬರ್ ಕೊನೆಯವರೆಗೆ ಬಾಡಿಗೆ 18,900 ರೂಪಾಯಿ. ನವೆಂಬರ್ 1ರಿಂದ 19,845. ಅದರಂತೆ ಪ್ರತಿ ತಿಂಗಳು ನಿಮ್ಮ ಖಾತೆಗೆ ಹಾಕುತ್ತೇನೆ. ಆ ಪುಟದ ಪ್ರತಿ ಜೊತೆಗಿದೆ. ಬೇರೆ ವಿಚಾರವಿದ್ದರೆ ಎದುರು ಕೂತು ಮಾತಾಡೋಣ. ಇಷ್ಟು ವರ್ಷದ ನಿಮ್ಮ ವಿಶ್ವಾಸಕ್ಕೆ ನಾನು ಋಣಿ."

ಎರಡು ಪ್ರತಿ ತೆಗೆದು ಒಂದನ್ನು ಸ್ಪೀಡ್ ಪೋಸ್ಟ್ ಮಾಡಿಸಿದೆ. ಇನ್ನೊಂದಕ್ಕೆ ರಸೀದಿ ಪಿನ್ ಮಾಡಿ ಅವರ ಕೈಗೆ ಕೊಟ್ಟೆ. ಜುಲೈ ಬಾಡಿಗೆ ತಡಮಾಡದೆ ಬ್ಯಾಂಕಿನಿಂದಲೇ ಹಾಕಿ ಎಂದೆ. ಜಗಳ ಇದೆ ಎಂದು ಬಾಡಿಗೆ ನಿಲ್ಲಿಸಿದರೆ ತಪ್ಪು ನಮ್ಮ ಕಡೆಗೇ ಬರುತ್ತದೆ.

ಎಂಟು ದಿನಕ್ಕೆ ಮಾಲೀಕರು ಅವರಿಗೆ ಫೋನ್ ಮಾಡಿದರಂತೆ. "ಕರಾರು ತೆಗ್ದು ನೋಡಿದೆ, ಏರಿಕೆ ನವೆಂಬರಿಗೇ ಇರ್ಲಿ" ಎಂದರಂತೆ. ಅದನ್ನೂ ಒಂದು ಸಾಲು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ ಎಂದೆ. ಬರೆಸಿಕೊಂಡರು.