ಮಡಿಕೆಯಲ್ಲಿ ಅಡಗಿದ್ದ ಒಂದು ಚೌಕ

ಶನಿವಾರ

ಅತ್ತೆ ಹಳೆ ಪೇಪರಿನಲ್ಲಿದ್ದ ಒಂದು ನಿಟ್ಟಿಂಗ್ ಚಾರ್ಟಿನ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ನೋಡಿದ ಕೂಡಲೇ ಗುರುತು ಸಿಕ್ಕಿತು. ಶೆಟ್ಲೆಂಡ್ ದ್ವೀಪಗಳ ಶಾಲುಗಳಲ್ಲಿ ಬರುವ ಅಲೆ ಅಲೆ ಡಿಸೈನ್, 'ಓಲ್ಡ್ ಶೇಲ್'. ನಾಲ್ಕೇ ಸಾಲು. ಆದರೆ ಪೇಪರ್ ಮಡಚಿದ್ದರಿಂದ ಎಡಗಡೆ ಒಂದು ಕಪ್ಪು ಗೆರೆ ಬಿದ್ದಿದೆ.

1 ಮತ್ತು 3 ಬಲಗಡೆ ಬರೆದಿವೆ, 2 ಮತ್ತು 4 ಎಡಗಡೆ. ಅಂದರೆ ಕೆಳಗಿನಿಂದ ಶುರು. ಬೆಸ ಸಾಲನ್ನು ಬಲದಿಂದ ಓದಬೇಕು, ಸಮ ಸಾಲನ್ನು ಎಡದಿಂದ. ಖಾಲಿ ಚೌಕ ಮುಂಭಾಗದಲ್ಲಿ, ಅಂದರೆ ಬೆಸ ಸಾಲಿನಲ್ಲಿ, ಸೀದಾ ಹೆಣಿಗೆ. ಹಿಂಭಾಗದಲ್ಲಿ, ಅಂದರೆ ಸಮ ಸಾಲಿನಲ್ಲಿ, ಉಲ್ಟಾ ಹೆಣಿಗೆ. ಚುಕ್ಕಿ ಇದ್ದರೆ ಇದರ ತಿರುಗಾಮುರುಗಾ. ಸೊನ್ನೆ ಎಂದರೆ ಕಡ್ಡಿಗೆ ನೂಲು ಸುತ್ತುವುದು. ಓರೆಗೆರೆ ಎಂದರೆ ಎರಡು ಕುಣಿಕೆ ಸೇರಿಸಿ ಒಂದು ಮಾಡುವುದು.

ನಾಲ್ಕನೇ ಸಾಲಿನ ಚುಕ್ಕಿಗಳು ತುಂಬ ಮಸುಕು. ಮೊದಲು ಪೇಪರಿನ ಕಲೆ ಅಂದುಕೊಂಡೆ. ಝೂಮ್ ಮಾಡಿದರೆ ಪ್ರತಿ ಚೌಕದ ನಟ್ಟನಡುವೆ ಒಂದೊಂದು ಇದೆ. ಕಲೆ ಹೀಗೆ ಸಾಲಾಗಿ ಬೀಳಲ್ಲ, ಅಲ್ವಾ? ಹಾಗಾಗಿ ನಾಲ್ಕನೇ ಸಾಲು ಹಿಂಭಾಗದಲ್ಲಿ ಸೀದಾ. ಮುಂದೆ ಉಬ್ಬು ಗೆರೆ ಬರುವುದು ಇದರಿಂದಲೇ.

ಭಾನುವಾರ

ಕೆಂಪು ಗೆರೆಯ ಒಳಗಿದ್ದದ್ದು ಪದೇ ಪದೇ ಬರುವ ಭಾಗ. ಎಣಿಸಿದೆ, 17 ಚೌಕ. ಮೂರು ಸಲ ಅಂದರೆ 51, ಅಂಚಿಗೆ ಎರಡೆರಡು. ಒಟ್ಟು 55 ಕುಣಿಕೆ ಹಾಕಿದೆ.

ಮೊದಲ ಎರಡು ಸಾಲು ಸಲೀಸು. ಮೂರನೇ ಸಾಲಿನ ಕೊನೆಗೆ ಎಡಗಡ್ಡಿಯಲ್ಲಿ ಅಂಚಿನ ಎರಡು ಉಳಿಯಬೇಕಿತ್ತು, ಐದು ಉಳಿದವು. ಬಿಚ್ಚಿ ಮತ್ತೆ ಹೆಣೆದೆ, ಆಗಲೂ ಐದೇ. ಕೈತಪ್ಪಾಗಿದ್ದರೆ ಎರಡು ಸಲವೂ ಅದೇ ಲೆಕ್ಕ ಬರುವುದು ಕಷ್ಟ. ಒಂದು ಸಾಲಿನಲ್ಲಿ ಆ ಭಾಗ ಮೂರು ಸಲ ಬರುತ್ತದೆ, ಉಳಿದದ್ದೂ ಮೂರು ಜಾಸ್ತಿ, ಅಂದರೆ ಒಂದೊಂದು ಸಲಕ್ಕೂ ಒಂದು. ತಪ್ಪು ಚಾರ್ಟಿನಲ್ಲೇ ಇದೆ.

ಸೋಮವಾರ ರಾತ್ರಿ

ಮಗಳ ಲೆಕ್ಕದ ಚೌಕಳಿ ಪುಸ್ತಕದಲ್ಲಿ ಮೂರನೇ ಸಾಲನ್ನು ಬರೆದು ನೋಡಿದೆ. ಬಲಗಡೆ ಮೂರು ಓರೆಗೆರೆ. ಆಮೇಲೆ ಸೊನ್ನೆ-ಖಾಲಿ, ಸೊನ್ನೆ-ಖಾಲಿ ಹೀಗೆ ಆರು ಜೋಡಿ. ಎಡಗಡೆ ಎರಡೇ ಓರೆಗೆರೆ, ಪಕ್ಕದಲ್ಲೇ ಆ ಮಡಿಕೆ. ಒಂದು ಸೊನ್ನೆ ಒಂದು ಕುಣಿಕೆ ಕೂಡಿಸುತ್ತದೆ, ಒಂದು ಓರೆಗೆರೆ ಒಂದನ್ನು ಕಳೆಯುತ್ತದೆ. ಈ ಡಿಸೈನಿನಲ್ಲಿ ಅಗಲ ಬದಲಾಗಬಾರದು, ಎರಡೂ ಸಮ ಇರಬೇಕು. ಇಲ್ಲಿ ಆರು ಸೊನ್ನೆ, ಐದು ಓರೆಗೆರೆ. ಆರನೆಯದು ಮಡಿಕೆಯೊಳಗೆ!

ಅತ್ತೆಗೆ ಫೋನ್ ಮಾಡಿ, ಪೇಪರನ್ನು ಚಪ್ಪಟೆ ಮಾಡಿ ನೇರ ಮೇಲಿಂದ ಇನ್ನೊಂದು ಫೋಟೋ ತೆಗೆಯಿರಿ ಎಂದೆ. ಬಂತು. 18 ಚೌಕ, ಎಡಗಡೆಯೂ ಮೂರು ಓರೆಗೆರೆ.

ಬುಧವಾರ

58 ಕುಣಿಕೆಯಿಂದ ಹೊಸದಾಗಿ ಶುರು ಮಾಡಿದೆ. ಪ್ರತಿ 18ಕ್ಕೆ ಕಡ್ಡಿಗೆ ಒಂದು ಬಣ್ಣದ ದಾರದ ಉಂಗುರ ಹಾಕಿದ್ದೇನೆ. ಮೂರನೇ ಸಾಲಿನಲ್ಲಿ ಉಂಗುರಕ್ಕೆ ಬಂದಾಗಲೆಲ್ಲ ನಿಂತು ಎಣಿಸುತ್ತೇನೆ. ತಪ್ಪಿದ್ದರೆ ಆ ಒಂದು ಭಾಗ ಬಿಚ್ಚಿದರೆ ಸಾಕು. ಈಗ 12 ಸಾಲು ಆಗಿದೆ. ತೂತುಗಳು ಒಂದರ ಮೇಲೊಂದು ಕೂತಿವೆ. ಕೆಳಗಿನ ಅಂಚು ತಾನೇ ಅಲೆಯಾಗಿ ಬಾಗಿದೆ.