ಶ್ಯಾಡೋ ಬ್ಯಾನ್ ಅಲ್ಲ ಸಾರ್, ಬೂಸ್ಟ್ ನಿಂತಿದೆ

ಅಂಗಡಿಗಳ ಇನ್‌ಸ್ಟಾಗ್ರಾಮ್ ಪೇಜ್ ನೋಡ್ಕೊಳೋದು ನನ್ ಕೆಲ್ಸ. ರೀಚ್, ಅಂದ್ರೆ ಪೋಸ್ಟ್ ಎಷ್ಟ್ ಜನಕ್ಕೆ ತಲುಪ್ತು ಅನ್ನೋ ಲೆಕ್ಕ, ಸ್ವಲ್ಪ ಬಿದ್ರೆ ಸಾಕು, ಎಲ್ಲರ ಬಾಯಲ್ಲೂ ಶ್ಯಾಡೋ ಬ್ಯಾನ್, ಇನ್‌ಸ್ಟಾಗ್ರಾಮ್ ಹೇಳ್ದೇ ಕೇಳ್ದೇ ನಮ್ ಪೋಸ್ಟ್ ಬಚ್ಚಿಡ್ತಿದೆ ಅನ್ನೋ ಮಾತು. ಚಿಕ್ಕಪೇಟೆಯ ಸೀರೆ ಅಂಗಡಿ ಓನರ್ ಸೆಪ್ಟೆಂಬರಲ್ಲಿ ಫೋನ್ ಮಾಡಿ, "ಯಾರೋ ರಿಪೋರ್ಟ್ ಹೊಡ್ದಿದಾರೆ ಕಣಪ್ಪ, ರೀಚ್ ಅರ್ಧಕ್ಕಿಂತ ಕೆಳಗ್ ಹೋಗಿದೆ, ಹೊಸ ಅಕೌಂಟ್ ಮಾಡ್ಬಿಡೋಣ್ವಾ" ಅಂದ್ರು. ಬೇಡ ಸಾರ್ ತಡೀರಿ ಅಂದೆ.

ಮೊದ್ಲು ನೋಡ್ಬೇಕಾದ್ದು ಸೆಟ್ಟಿಂಗ್ಸ್ ಒಳಗಿರೋ Account Status. ತೆಗ್ದುಹಾಕಿರೋ ಪೋಸ್ಟ್ ಇದ್ಯಾ, ಯಾವ್ದಾದ್ರೂ ಫೀಚರ್ ನಿಲ್ಸಿದಾರಾ, ಮುಖ್ಯವಾಗಿ ನಿಮ್ಮ ಪೋಸ್ಟ್‌ಗಳನ್ನ ಫಾಲೋ ಮಾಡ್ದೇ ಇರೋರಿಗೂ ತೋರಿಸ್ಬೋದಾ ಅನ್ನೋದು ಅಲ್ಲಿರತ್ತೆ, ಈ ಕೊನೇದನ್ನ 2022ರ ಡಿಸೆಂಬರಲ್ಲಿ ಪ್ರೊಫೆಷನಲ್ ಅಕೌಂಟ್‌ಗಳಿಗೆ ಕೊಟ್ರು. ಸೀರೆ ಅಂಗಡೀದು ಎಲ್ಲಾ ಹಸಿರು ಟಿಕ್. ಅಂದ್ರೆ ತೋರಿಸೋಕೆ ಅಡ್ಡಿ ಇಲ್ಲ ಅಂತ ಅಷ್ಟೇ, ಎಷ್ಟ್ ಜನಕ್ಕೆ ತೋರಿಸ್ತಾರೆ ಅನ್ನೋದು ಆ ಪೇಜ್ ಹೇಳಲ್ಲ, ಅದು ಪೋಸ್ಟ್‌ನ ಜನ ಹೆಂಗ್ ನೋಡ್ತಾರೆ ಅನ್ನೋದ್ರ ಮೇಲಿದೆ.

ಆಮೇಲೆ ಇನ್‌ಸೈಟ್ಸ್, ಪೇಜಿನ ರೀಚ್ ಲೆಕ್ಕ ತೋರಿಸೋ ಜಾಗ. ಅಲ್ಲಿ ಕಾಣೋ ಪರ್ಸೆಂಟ್ ಹಿಂದಿನ ಅಷ್ಟೇ ದಿನಗಳ ಜೊತೆ ಹೋಲ್ಸಿರೋದು, ಆ ಹಿಂದಿನ ಲೆಕ್ಕದಲ್ಲಿ ಜಾಹೀರಾತಿನ ರೀಚೂ ಸೇರಿರತ್ತೆ. ಓನರ್ ವರಮಹಾಲಕ್ಷ್ಮಿ ಹಬ್ಬಕ್ಕೆ ಅಂತ ಎರಡು ರೀಲ್ ಬೂಸ್ಟ್ ಮಾಡ್ಸಿದ್ರು, ಹಬ್ಬ ಮುಗೀತು, ದುಡ್ಡು ಹಾಕೋದೂ ನಿಂತೋಯ್ತು. ಆಡ್ಸ್‌ದು ಬಿಟ್ಟು ಬರೀ ಪೋಸ್ಟ್‌ಗಳ ರೀಚ್ ಎರಡು ತಿಂಗ್ಳದ್ದೂ ಪಕ್ಕಪಕ್ಕ ಇಟ್ರೆ ಹೆಚ್ಚುಕಮ್ಮಿ ಒಂದೇ. ಬಿದ್ದಿದ್ದು ಕಾಸು ಕೊಟ್ಟು ತಂದ ಜನ. ಓನರ್ಗೆ ಖುಷಿ ಆಗ್ಲಿಲ್ಲ ಬಿಡಿ, ಯಾರೋ ಶತ್ರು ಸಿಗ್ತಾನೆ ಅಂತ ಕಾಯ್ತಿದ್ರು.

ನಿಜವಾದ ಅಡ್ಡಿ ಬೇರೆ ತರ ಕಾಣತ್ತೆ. ಮನೇಲೇ ಕೂದಲೆಣ್ಣೆ ಮಾಡಿ ಮಾರೋ ವಿಜಯನಗರದ ಮೇಡಮ್ ಒಬ್ರು, "ಹದಿನೈದೇ ದಿನಕ್ಕೆ ಬೋಳು ತಲೇಲಿ ಕೂದ್ಲು" ಅಂತ ರೀಲ್ ಹಾಕಿದ್ರು. ಫಾಲೋವರ್ಸ್ ರೀಚ್ ಮೊದ್ಲಿನಷ್ಟೇ ಇತ್ತು, ಫಾಲೋ ಮಾಡ್ದೇ ಇರೋರ ರೀಚ್ ಮಾತ್ರ ತಳ ಮುಟ್ಟಿತ್ತು. ಅವ್ರ Account Status ತೆಗೆದ್ರೆ, ರೆಕಮೆಂಡ್ ಮಾಡಕ್ಕಾಗಲ್ಲ ಅಂತ ಅದೇ ರೀಲ್ ತೋರಿಸ್ತಿತ್ತು, ಪವಾಡದ ತರ ಆರೋಗ್ಯದ ಮಾತು ಹೇಳೋ ಪೋಸ್ಟ್‌ನ ಇನ್‌ಸ್ಟಾಗ್ರಾಮ್ ಹೊಸಬರ ಮುಂದೆ ಇಡಲ್ಲ, ಡಿಲೀಟೂ ಮಾಡಲ್ಲ. ಅದಕ್ಕೇ ಜನಕ್ಕೆ ಗುಟ್ಟಾಗಿ ಬ್ಯಾನ್ ಆದಂಗೆ ಅನ್ಸೋದು.

ಅಲ್ಲೇ ಮರುಪರಿಶೀಲನೆ ಕೇಳೋಕೂ ಆಗತ್ತೆ, ಆದ್ರೆ ಈ ಸಲ ತಪ್ಪು ಇನ್‌ಸ್ಟಾಗ್ರಾಮ್‌ದಲ್ಲ, ರೀಲ್‌ದು, ಅದಕ್ಕೆ ತೆಗೆಸ್ಬಿಟ್ಟೆ. ಮೇಡಮ್ ಈಗ ಎಣ್ಣೆ ಕಾಯ್ಸೋದು, ದಾಸವಾಳ ಹಾಕೋದು ಅಷ್ಟೇ ತೋರಿಸ್ತಾರೆ. ಇದರ ಮಧ್ಯೆ ಶ್ಯಾಡೋ ಬ್ಯಾನ್ ಚೆಕ್ ಮಾಡ್ತೀವಿ ಅನ್ನೋ ಯಾವ್ದೋ ಸೈಟಿಗೆ ಪಾಸ್‌ವರ್ಡ್ ಕೊಟ್ಟಿದ್ರಂತೆ, ಅವತ್ತೇ ಕೂತು ಬದಲಾಯ್ಸಿದ್ವಿ.