ಮೋಟಾರ್ ಕಾಕಾನ ಪ್ಲಾಟು, ನಮ್ಮ ಒಟಿಎಸ್

2025ರ ಜೂನ್. ಹುಬ್ಬಳ್ಳಿ ಬ್ರಾಂಚಿಗೆ ನಾನು ವರ್ಗವಾಗಿ ಬಂದು ಎಂಟು ತಿಂಗಳಾಗಿತ್ತು. ಮಧ್ಯಾಹ್ನ ಊಟ ಮುಗಿಸಿ ಕ್ರೆಡಿಟ್ ಡೆಸ್ಕಿಗೆ ಬಂದೆ. ಎದುರು ಕುರ್ಚಿಯಲ್ಲಿ ಒಬ್ಬ ಹುಡುಗ, ಅವನ ಪಕ್ಕ ಬಿಳಿ ಟೋಪಿ ಹಾಕಿದ ಹಿರಿಯರು ಕೂತಿದ್ದರು. ಹಿರಿಯರು ನನ್ನ ಮುಖ ನೋಡಿದ್ದೇ ಎದ್ದು ನಿಂತರು.

"ಅಯ್ಯ ಸಾಹೇಬ್ರ, ನೀವು ಇಲ್ಲಿ ಬಂದೀರೇನ್ರಿ! ಛಲೋ ಆತು ಬಿಡ್ರಿ."

ಗದಗಿನ ಮೋಟಾರ್ ಕಾಕಾ. ಬೆಟಗೇರಿ ಕಡೆ ಪಂಪ್‌ಸೆಟ್ ವೈಂಡಿಂಗ್ ಅಂಗಡಿ ಅವರದು. ನಾವು ಬ್ರಾಂಚಿನವರು ಅವರನ್ನು ಹಾಗೇ ಕರೆಯುತ್ತಿದ್ದೆವು. ಮಗನ ಕಡೆ ತಿರುಗಿ, "ಇವರ ನೋಡಪಾ, ನನ್ನ ಸಾಲ ಮುಗಿಸಿಕೊಟ್ಟ ಸಾಹೇಬ್ರು" ಅಂದರು. ನನಗೂ ಖುಷಿ ಆಯಿತು. ರಿಕವರಿ ಮಾಡಿದವನನ್ನು ಈ ಥರ ನೆನಪಿಟ್ಟುಕೊಳ್ಳುವವರು ಎಲ್ಲಿ ಸಿಗುತ್ತಾರೆ? ಚಹಾ ತರಿಸಿದೆ. ಆ ಚಹಾ ಬರುವಷ್ಟರಲ್ಲಿ ನನ್ನ ಖುಷಿ ಇಳಿದಿತ್ತು.

ಮಗನಿಗೆ ಹುಬ್ಬಳ್ಳಿಯಲ್ಲಿ ಕೆಲಸ, ಸಂಬಳ ನಮ್ಮಲ್ಲೇ ಬರುತ್ತದೆ. ಗದಗಿನ ಪ್ಲಾಟಿನಲ್ಲಿ ಮನೆ ಕಟ್ಟಲು 20 ಲಕ್ಷ ಹೋಮ್ ಲೋನ್ ಬೇಕು. ಸ್ಯಾಲರಿ ಸ್ಲಿಪ್, ಐಟಿಆರ್, ಎಸ್ಟಿಮೇಟ್, ಉತಾರ, ಎಲ್ಲಾ ನೀಟಾಗಿ ಜೋಡಿಸಿ ತಂದಿದ್ದ. ಪ್ಲಾಟು ಮಾತ್ರ ಅಪ್ಪನ ಹೆಸರಿನಲ್ಲಿದೆ. ಅಂದಮೇಲೆ ಅಪ್ಪ ಕೋ-ಅಪ್ಲಿಕೆಂಟ್ ಆಗಲೇಬೇಕು. ಅಡ ಇಡುವ ಜಾಗದ ಮಾಲೀಕರನ್ನು ಹೊರಗಿಟ್ಟು ನಮ್ಮಲ್ಲಿ ಫೈಲ್ ಮುಂದೆ ಹೋಗುವುದಿಲ್ಲ.

"ಅಪ್ಪಂದು ಸ್ಕೋರು 712 ಐತಿ ಸರ್, ಮೊಬೈಲಿನಾಗ ನೋಡೇನಿ" ಅಂದ ಹುಡುಗ.

712 ಕೆಟ್ಟ ಸ್ಕೋರೇನಲ್ಲ. ಹಳೇ ಸಾಲ ಹೇಗೆ ಕಟ್ಟಿದ್ದಾರೆ ಅಂತ ನೋಡಿ ಕೊಡುವ ಕ್ರೆಡಿಟ್ ಸ್ಕೋರು ಅದು, 300ರಿಂದ 900ರ ನಡುವಿನ ಅಂಕಿ. ಕಾಕಾ ಎರಡು ವರ್ಷದಿಂದ ಬೈಕ್ ಸಾಲದ ಕಂತನ್ನು ಒಂದೂ ತಪ್ಪಿಸದೆ ಕಟ್ಟಿದ್ದರು, ಅದರಿಂದ ಮೇಲೆ ಬಂದಿತ್ತು. ಆದರೆ ನಾವು ಸ್ಕೋರು ನೋಡಿ ಸುಮ್ಮನಾಗುವುದಿಲ್ಲ, ಪೂರ್ತಿ ರಿಪೋರ್ಟ್ ತೆಗೆಯುತ್ತೇವೆ. ರಿಪೋರ್ಟಿನಲ್ಲಿ ಕೆಳಗೆ ಹೋದೆ. ಮೂರನೇ ಅಕೌಂಟು ಬಂತು. ಬಿಸಿನೆಸ್ ಲೋನ್. CREDIT FACILITY STATUS ಎದುರು Settled. SETTLEMENT AMOUNT ಎದುರು 3,10,000.

ಆ ಅಂಕಿಯನ್ನು ಪ್ರೊಸೆಸ್ ನೋಟಿನಲ್ಲಿ ಬರೆದವನು ನಾನೇ.

ನಾನು ಮಾನಿಟರನ್ನು ಸ್ವಲ್ಪ ನನ್ನ ಕಡೆ ತಿರುಗಿಸಿಕೊಂಡೆ. ಕಾಕಾ ಚಹಾ ಊದಿ ಊದಿ ಕುಡಿಯುತ್ತಾ, ಮನೆಯ ಮುಂದೆ ಕಟ್ಟೆ ಹೇಗೆ ಕಟ್ಟಿಸಬೇಕು ಅಂತ ಹೇಳುತ್ತಿದ್ದರು. ನಾನು ಸುಮ್ನೆ ಮೌಸ್ ಮೇಲೆ ಕೆಳಗೆ ಆಡಿಸುತ್ತಿದ್ದೆ. "ಸಿಸ್ಟಮ್ ಸ್ಲೋ ಐತ್ರಿ" ಅಂದೆ. ಅವತ್ತು ಸಿಸ್ಟಮ್ ಚೆನ್ನಾಗೇ ಓಡುತ್ತಿತ್ತು.

2022ರ ಮಾರ್ಚ್‌ಗೆ ಹೋಗಬೇಕು. ಕಾಕಾ 2018ರಲ್ಲಿ 6 ಲಕ್ಷ ತೆಗೆದುಕೊಂಡಿದ್ದರು, ಅಡಮಾನ ಇಲ್ಲದ ಸಾಲ. 2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿತು. ಕಂತು ಮುಂದೂಡಿದ್ದ ಮೊರಟೋರಿಯಂ ಮುಗಿದ ಮೇಲೂ ಕಂತು ಸರಿಯಾಗಿ ಬರಲಿಲ್ಲ. 90 ದಿನ ದಾಟಿ ಅಕೌಂಟು ಎನ್‌ಪಿಎ, ಅಂದರೆ ಕೆಟ್ಟ ಸಾಲ ಆಯಿತು. 2022ರ ಹೊತ್ತಿಗೆ ಅಸಲು 4,20,000, ಬಡ್ಡಿ 1,43,000, ಒಟ್ಟು 5,63,000 ಬಾಕಿ.

ಮಾರ್ಚ್ ಎರಡನೇ ವಾರ ಕಾಕಾ ತಾವಾಗಿಯೇ ಬ್ರಾಂಚಿಗೆ ಬಂದರು. "ಮೂವತ್ತು ನಲವತ್ತರ ಪ್ಲಾಟ್ ಐತ್ರಿ. ಬಾಜೂದವರು ಕೇಳಾಕತ್ತಾರ. ಮಾರಿ ಪೂರಾ ಕಟ್ಟಿಬಿಡ್ತೀನಿ. ಬ್ಯಾಂಕಿನ ರೊಕ್ಕ ಇಟ್ಕೊಂಡು ನಿದ್ದಿ ಬರಂಗಿಲ್ರಿ" ಅಂದರು.

ಈ ಮಾತು ಕೇಳಿಯೂ ನಾನು ಮಾಡಿದ್ದು ಬೇರೆಯೇ. ನಮಗೆ ರೀಜನಲ್ ಆಫೀಸಿನಿಂದ ದಿನಕ್ಕೆ ಎರಡು ವಿಸಿ, ಅಂದರೆ ವೀಡಿಯೊ ಕಾನ್ಫರೆನ್ಸ್ ನಡೆಯುತ್ತಿದ್ದವು. ಬೆಳಿಗ್ಗೆ ಟಾರ್ಗೆಟ್, ಸಂಜೆ ಬೈಗುಳ. ಪ್ಲಾಟು ಮಾರಾಟ, ರಿಜಿಸ್ಟ್ರೇಶನ್ ಅಂದರೆ ಏಪ್ರಿಲ್ ದಾಟುತ್ತದೆ. ನನಗೆ ಮಾರ್ಚ್ 31ರ ಒಳಗೆ ಅಕೌಂಟು ಎನ್‌ಪಿಎ ಪಟ್ಟಿಯಿಂದ ಹೋಗಬೇಕಿತ್ತು. "ಪ್ಲಾಟ್ ಯಾಕ ಮಾರ್ತೀರಿ ಕಾಕಾ? ಒಟಿಎಸ್ ಮಾಡೋಣ, ಎರಡೂವರೆ ಲಕ್ಷ ಬಿಡಸ್ತೀನಿ" ಅಂದೆ. ನಿಜ ಹೇಳಬೇಕೆಂದರೆ ಅವರಿಗೆ ಉಪಕಾರ ಮಾಡುತ್ತಿದ್ದೇನೆ ಅಂತಲೇ ಅವತ್ತು ಅಂದುಕೊಂಡಿದ್ದೆ.

ಒಟಿಎಸ್ ಅಂದರೆ ಒನ್ ಟೈಮ್ ಸೆಟಲ್‌ಮೆಂಟ್, ಬಾಕಿಯಲ್ಲಿ ಒಂದು ಭಾಗ ಕಟ್ಟಿ ಸಾಲ ಮುಗಿಸಿಕೊಳ್ಳುವ ರಾಜಿ. ಅದು ಹೀಗೆ ನಡೆಯುತ್ತದೆ. ಸಾಲಗಾರರು ಅರ್ಜಿ ಕೊಡಬೇಕು. ಬ್ಯಾಂಕ್ ತಾನೇ ಕರೆದು ಹೇಳಿದ್ದರೂ ಅರ್ಜಿ ಅವರ ಕಡೆಯಿಂದಲೇ ಬಂದಂತಿರಬೇಕು. ಜೊತೆಗೆ ಶೇಕಡಾ 10 ಮುಂಗಡ. ಕಾಕಾ 31,000 ಕಟ್ಟಿದರು. ಆ ರೊಕ್ಕ ಸಾಲಕ್ಕೆ ಜಮಾ ಆಗದೆ ಬೇರೆ ಖಾತೆಯಲ್ಲಿ ಕೂರುತ್ತದೆ. ನಾವು ಪ್ರೊಸೆಸ್ ನೋಟ್ ಬರೆಯುತ್ತೇವೆ: ಅಡಮಾನ ಇಲ್ಲ, ಕೋರ್ಟಿಗೆ ಹೋದರೆ ವರ್ಷಗಟ್ಟಲೆ, ಇವತ್ತು ಸಿಗುವ ರೊಕ್ಕವೇ ವಾಸಿ. ಪ್ಲಾಟಿನ ವಿಷಯ ನಾನು ಬರೆದೆ, ಆದರೆ 'ನಮಗೆ ಅಡ ಇಲ್ಲ' ಅಂತ ಒಂದೇ ಸಾಲಿನಲ್ಲಿ ಮುಗಿಸಿದೆ. ಮಂಜೂರಾತಿ ಪತ್ರ ಬಂತು. ಉಳಿದ 2,79,000 ಅನ್ನು ಗಡುವಿನೊಳಗೆ ಕಟ್ಟಬೇಕು. ತಪ್ಪಿದರೆ ರಿಯಾಯಿತಿ ರದ್ದು, ಕಟ್ಟಿದ್ದೆಲ್ಲ ಹಳೇ ಬಾಕಿಗೆ ಜಮಾ. ಕಾಕಾ ತಂಗಿಯ ಬಂಗಾರ ಅಡ ಇಟ್ಟು 28ನೇ ತಾರೀಖೇ ಕಟ್ಟಿದರು. ಬಡ್ಡಿ ಪೂರ್ತಿ, ಅಸಲಿನಲ್ಲಿ 1,10,000, ಒಟ್ಟು 2,53,000 ಬ್ಯಾಂಕ್ ಬಿಟ್ಟಿತು.

ನೋ ಡ್ಯೂ ಸರ್ಟಿಫಿಕೇಟ್ ಕೈಗೆ ಕೊಟ್ಟಾಗ ಅವರು ಕೇಳಿದ ಪ್ರಶ್ನೆ ಇದು: "ಸಾಹೇಬ್ರ, ಇದರಿಂದ ಮುಂದ ಏನರ ತ್ರಾಸ್ ಐತೇನ್ರಿ?"

ನಾನು ಹೇಳಿದ್ದು: "ಏನೂ ಇಲ್ಲ ಕಾಕಾ. ಫೈಲ್ ಬಂದ್."

ಗೊತ್ತಿರಲಿಲ್ಲ ಅಂತೇನಲ್ಲ. ಸೆಟಲ್ಡ್ ಅಂತ ರಿಪೋರ್ಟ್ ಆಗುತ್ತದೆ ಅನ್ನೋದು ಬ್ಯಾಂಕಿನ ಎಲ್ಲರಿಗೂ ಗೊತ್ತು. ವೈಂಡಿಂಗ್ ಅಂಗಡಿಯವರು ಇನ್ನೇನು ದೊಡ್ಡ ಸಾಲ ತೆಗೆಯುತ್ತಾರೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಅವರ ಮಗ ಅವಾಗ ಕಾಲೇಜಿನಲ್ಲಿದ್ದ, ಅದು ನನ್ನ ಲೆಕ್ಕಕ್ಕೆ ಬರಲಿಲ್ಲ.

ಇಲ್ಲಿ ಜನ ಎಡವುವುದು ನೋ ಡ್ಯೂ ಕಾಗದದಲ್ಲಿ. ಆ ಕಾಗದ ಸುಳ್ಳಲ್ಲ. ಬ್ಯಾಂಕ್ ಇನ್ನು ನಿಮ್ಮ ಮೇಲೆ ಹಕ್ಕು ಸಾಧಿಸುವುದಿಲ್ಲ ಅಂತ ಅದು ಹೇಳುತ್ತದೆ. ಆದರೆ ಜನರ ಸಾಲದ ಇತಿಹಾಸ ಇಡುವ ಕ್ರೆಡಿಟ್ ಕಂಪನಿಗಳಿಗೆ ಹೋಗುವ ಮಾಹಿತಿ ಬೇರೆ ದಾರಿ. ಪೂರ್ತಿ ಕಟ್ಟಿದವರದು Closed. ಕಡಿಮೆ ಕಟ್ಟಿ ಮುಗಿಸಿಕೊಂಡವರದು Settled. ವಸೂಲಾಗುವುದಿಲ್ಲ ಅಂತ ಬ್ಯಾಂಕ್ ಮೊದಲೇ ಲೆಕ್ಕದಿಂದ ತೆಗೆದು, ಅಂದರೆ ರೈಟ್ ಆಫ್ ಮಾಡಿ, ಆಮೇಲೆ ರಾಜಿಯಾದರೆ Post (WO) Settled. ಓದುವ ಸಾಲ ಅಧಿಕಾರಿಗೆ ಇವು ಮೂರು ಬೇರೆ ಬೇರೆ ಮನುಷ್ಯರು. ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ನಾಲ್ಕಕ್ಕೂ ಹೋಗುತ್ತದೆ. 7 ವರ್ಷಕ್ಕೆ ತಾನಾಗಿ ಅಳಿಸುತ್ತದೆ ಅಂತ ಜನ ಹೇಳುತ್ತಾರೆ. ನಿಯಮ ಹೇಳುವುದು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕು ಅಂತ. ಆ 'ಕನಿಷ್ಠ'ವನ್ನು ಯಾರೂ ಓದುವುದಿಲ್ಲ.

ಸ್ಕೋರು ಮೇಲೇರಬಹುದು, ಈ ಪದ ಮಾತ್ರ ಕೂತಲ್ಲೇ ಕೂತಿರುತ್ತದೆ. ಕಾಕಾನ ವಿಷಯದಲ್ಲಿ ಆಗಿದ್ದೂ ಅದೇ. ಮಗ ಮೊಬೈಲಿನಲ್ಲಿ ನೋಡಿದ್ದು ದೊಡ್ಡ ಅಂಕಿಯನ್ನು. ಸಣ್ಣ ಅಕ್ಷರ ನೋಡಿರಲಿಲ್ಲ.

ಎದುರಿಗೆ ಕೂತಿದ್ದವರಿಗೆ ಕೊನೆಗೂ ಹೇಳಿದೆ. ಮಾನಿಟರ್ ಅವರ ಕಡೆ ತಿರುಗಿಸಿ, ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ನಮ್ಮ ಬ್ಯಾಂಕೇ ರೊಕ್ಕ ಬಿಟ್ಟವರಿಗೆ ನಮ್ಮ ಪಾಲಿಸಿ ಸಾಲ ಕೊಡಲು ಬಿಡುವುದಿಲ್ಲ ಅಂತಲೂ ಹೇಳಿದೆ. ಇಂಥವರಿಗೆ ಹೊಸ ಸಾಲ ಕೊಡಲು ಕೃಷಿ ಸಾಲ ಬಿಟ್ಟು ಉಳಿದವಕ್ಕೆ ಕನಿಷ್ಠ 12 ತಿಂಗಳು ಕಾಯಬೇಕು ಅಂತ ಆರ್‌ಬಿಐ 2023ರ ಜೂನ್‌ನಲ್ಲಿ ಹೇಳಿದೆ. ಅದಕ್ಕಿಂತ ಜಾಸ್ತಿ ಇಡುವುದು ಬ್ಯಾಂಕಿಗೆ ಬಿಟ್ಟದ್ದು. ನಮ್ಮವರು ಜಾಸ್ತಿಯೇ ಇಟ್ಟಿದ್ದಾರೆ.

ಹುಡುಗ ತಲೆ ಎತ್ತಲಿಲ್ಲ. ಕಾಕಾ ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದರು. "ಅಂದ್ರ ಪ್ಲಾಟ್ ಉಳೀತು, ಮನಿ ಕಟ್ಟಂಗಿಲ್ಲ. ಹಂಗ ಅಲ್ರಿ?" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಎರಡು ದಾರಿ ಇದ್ದವು. ಒಂದು, ಪ್ಲಾಟನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟು ಅಪ್ಪನನ್ನು ಫೈಲಿನಿಂದ ಹೊರಗಿಡುವುದು. ಆದರೆ ಕಾಕಾನಿಗೆ ಇಬ್ಬರು ಮಕ್ಕಳು. "ಸಣ್ಣವನ ಪಾಲು?" ಅಂದರು, ಅಲ್ಲಿಗೆ ಆ ದಾರಿ ಮುಗಿಯಿತು. ಇನ್ನೊಂದು, ಬಿಟ್ಟ 2,53,000 ಅನ್ನು ಈಗ ಕಟ್ಟಿ Settled ಅನ್ನು Closed ಮಾಡಿಸುವುದು. ಬ್ಯಾಂಕ್ ಒಪ್ಪಲೇಬೇಕು ಅಂತ ಕಾನೂನೇನಿಲ್ಲ, ಆದರೆ ರೊಕ್ಕ ಬೇಡ ಅನ್ನುವ ಬ್ಯಾಂಕ್ ಕಡಿಮೆ.

ಕಡಿಮೆ ಅಂದೆ, ಆದರೆ ಕಟ್ಟುವುದೇ ದೊಡ್ಡ ರಾಮಾಯಣವಾಯಿತು. ಬ್ಯಾಂಕಿನ ಕಂಪ್ಯೂಟರ್ ವ್ಯವಸ್ಥೆ ಸಿಬಿಎಸ್‌ನಲ್ಲಿ ಅಕೌಂಟು ಬಂದ್ ಆಗಿದೆ, ಜಮಾ ಮಾಡಲು ಜಾಗವೇ ಇಲ್ಲ. ಗದಗ ಬ್ರಾಂಚ್ ರೀಜನಲ್ ಆಫೀಸಿಗೆ ಕೇಳಿ ಅಂತು, ರೀಜನಲ್ ಆಫೀಸು ಬ್ರಾಂಚಿಗೆ ಕೇಳಿ ಅಂತು. ರೈಟ್ ಆಫ್ ಅಕೌಂಟುಗಳ ರಿಕವರಿ ಹೆಡ್‌ಗೆ ಹಾಕಿ ಅಂತ ಮೇಲಿನವರ ಮೇಲ್ ಬರಲು ಮೂರು ವಾರ. ಕೊಡುವವರನ್ನು ಹೀಗೆ ಅಲೆದಾಡಿಸುವ ನಮ್ಮವರು ಕೊಡದವರ ಮನೆಗೆ ಮಾತ್ರ ಹುಡುಕಿಕೊಂಡು ಹೋಗುತ್ತಾರೆ.

ಕಟ್ಟುವ ಮೊದಲೇ ಗದಗ ಬ್ರಾಂಚಿನಿಂದ ಬರಹದಲ್ಲಿ ತೆಗೆದುಕೊಳ್ಳಿ ಅಂತ ಹುಡುಗನಿಗೆ ಹೇಳಿದ್ದೆ: ಇಷ್ಟು ಕಟ್ಟಿದರೆ Closed ಅಂತ ಕಳಿಸುತ್ತೇವೆ ಅಂತ. ಆ ಒಂದು ಕಾಗದ ಇಲ್ಲದಿದ್ದರೆ ರೊಕ್ಕ ಹೋಗಿ ಪದ ಅಲ್ಲೇ ಇರುತ್ತಿತ್ತು, ಯಾಕೆಂದರೆ ಮೊದಲ ಸಲ ಅವರು ತಿದ್ದುಪಡಿ ಕಳಿಸಲು ಮರೆತಿದ್ದರು. ಆ ಪತ್ರ ಹಚ್ಚಿ ಸಿಬಿಲ್‌ನಲ್ಲಿ ದೂರು ಹಾಕಿಸಿದೆವು. 30 ದಿನದಲ್ಲಿ ಸರಿ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅನ್ನೋ ನಿಯಮ 2024ರಿಂದ ಇದೆ, ಅದಕ್ಕೋ ಏನೋ, 24ನೇ ದಿನಕ್ಕೆ ಸರಿಯಾಯಿತು.

ಪದ ಬದಲಾಯಿತು. ಹಳೇ ತಿಂಗಳುಗಳ ಡಿಪಿಡಿ ಬದಲಾಗಲಿಲ್ಲ. 90, 120, 150 ಅಂತ ದಿನ ಮೀರಿದ ಲೆಕ್ಕ ಹಾಗೇ ಇದೆ, ಅದು ನಡೆದದ್ದು ನಿಜ. ನಮ್ಮ ಮೇಲಿನವರು ಅದಕ್ಕೆ ವಿವರಣೆ ಕೇಳಿದರು. ಲಾಕ್‌ಡೌನ್, ಅಂಗಡಿ ಬಂದ್, ಬಾಕಿ ಪೂರ್ತಿ ಚುಕ್ತಾ ಅಂತ, ನಿಯಮದಿಂದ ವಿನಾಯಿತಿ ಕೇಳುವ ಡೀವಿಯೇಶನ್ ನೋಟ್ ಬರೆದೆ. ಈ ಸಲ ಪ್ಲಾಟಿನ ಬಗ್ಗೆ ಎರಡು ಪ್ಯಾರಾ ಬರೆದೆ. 20 ಕೇಳಿದ್ದಕ್ಕೆ 17 ಲಕ್ಷ ಮಂಜೂರಾಯಿತು. ಕಟ್ಟೆ ಕೈಬಿಟ್ಟರು.

ಸಹಿ ಹಾಕಲು ಬಂದ ದಿನ ಕಾಕಾ ಕೇಳಿದರು: "ಮೂರು ವರ್ಷ ಎರಡೂವರೆ ಲಕ್ಷ ಬಡ್ಡಿ ಇಲ್ದ ಇಟ್ಕೊಂಡಂಗಾತಲ್ರೀ ನಾನು?" ಲೆಕ್ಕ ನೋಡಿದರೆ ಹೌದು. ನಕ್ಕರು. ನನಗೆ ಜೋರಾಗಿ ನಗಲು ಆಗಲಿಲ್ಲ.

ಒಟಿಎಸ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಕೈಯಲ್ಲಿ ನಿಜವಾಗಿ ಏನೂ ಇಲ್ಲದವರಿಗೆ, ವರ್ಷಗಟ್ಟಲೆ ಬಾಕಿ ಬೆಳೆಯುತ್ತಾ ರೈಟ್ ಆಫ್ ಅಂತ ಕೂರುವುದಕ್ಕಿಂತ ಇದೇ ವಾಸಿ. ಆದರೆ ಪೂರ್ತಿ ಕಟ್ಟುತ್ತೇನೆ, ಮೂರು ತಿಂಗಳು ಕೊಡಿ ಅಂದವರಿಗೆ ನಾನು ಇದನ್ನು ಮಾರಬಾರದಿತ್ತು.

ಈಗ ನನ್ನ ಡ್ರಾಯರಿನಲ್ಲಿ ಒಂದು ಪ್ರಿಂಟ್ ಇದೆ. ಹೆಸರು, ನಂಬರು ಎಲ್ಲಾ ಮಸಿ ಬಳಿದು, ಆ Settled ಸಾಲು ಮಾತ್ರ ಕಾಣುವ ಹಾಗೆ. ಅರ್ಜಿ ತೆಗೆದುಕೊಳ್ಳುವ ಮೊದಲು ಅದನ್ನು ಮುಂದಿಡುತ್ತೇನೆ. ಕಳೆದ ಮಾರ್ಚ್‌ನಲ್ಲಿ ಖಾನಾವಳಿ ನಡೆಸುವ ಅಕ್ಕೋರೊಬ್ಬರು ಅದನ್ನು ಓದಿ, ಫಾರ್ಮ್ ಮಡಚಿ ಬ್ಯಾಗಿಗೆ ಹಾಕಿಕೊಂಡು, "ಜೂನ್ ತನಕ ಪೂರಾ ಕಟ್ತೀನ್ರಿ" ಅಂದು ಎದ್ದರು. ಸಂಜೆ ವಿಸಿಯಲ್ಲಿ ನನ್ನ ಟಾರ್ಗೆಟ್ ಒಂದು ಕಡಿಮೆ ಯಾಕೆ ಅಂತ ಕೇಳಿದರು. ಪಾರ್ಟಿ ಊರಲ್ಲಿ ಇಲ್ಲ ಸರ್ ಅಂದೆ.